20ರ ಕೌಂಟ್, ಎರಡು ಬಗೆ: ರಿಂಗ್ ನೂಲು, ಓಪನ್ ಎಂಡ್ ನೂಲು ಪರೀಕ್ಷೆ ಎಲ್ಲಿಗೆ ಬಂತು

ಮೇಜಿನ ಮಗ್ಗಕ್ಕೆ ಹಾಸು ಹಾಕುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಕಾರಣ ಇಷ್ಟೇ. ಕೈಯಲ್ಲಿ ಎರಡು ಬಗೆಯ ಹತ್ತಿ ನೂಲಿದೆ. ಎರಡೂ 20ರ ಕೌಂಟ್, ಅಂದರೆ ಒಂದೇ ಸಪೂರ; ಕೌಂಟ್ ಏರಿದಷ್ಟೂ ನೂಲು ಸಪೂರ. ಎರಡೂ ಕಾರ್ಡೆಡ್, ಅಂದರೆ ಗಿಡ್ಡ ನಾರು ತೆಗೆಯದೆ ಹಿಂಜಿ ನೂತದ್ದು. ಒಂದು ರಿಂಗ್ ಫ್ರೇಮಿನಲ್ಲಿ ನೂತದ್ದು, ಇನ್ನೊಂದು ಓಪನ್ ಎಂಡ್, ಅಂದರೆ ರೋಟರ್ ಯಂತ್ರದ್ದು. ಯಾವುದನ್ನು ಉದ್ದದ ಹಾಸು ಮಾಡಬೇಕು, ಯಾವುದನ್ನು ಅಡ್ಡದ ಹೊಕ್ಕು ಮಾಡಬೇಕು ಅನ್ನೋದನ್ನು ನೂಲನ್ನೇ ಕೇಳಿ ತೀರ್ಮಾನಿಸೋಣ ಅಂತ ಪರೀಕ್ಷೆಗೆ ಇಳಿದೆ.

ಮೊದಲು ಮಾಡಿದ್ದು ಹುರಿ ಬಿಚ್ಚುವ ಪರೀಕ್ಷೆ. ಇದಕ್ಕೆ ಬೇಕಾಗಿರೋದು ಒಂದು ಭೂತಗನ್ನಡಿ ಮತ್ತು ಕಪ್ಪು ಕಾಗದ. ರಿಂಗ್ ನೂಲಿನ ಒಂದು ತುಂಡನ್ನು ಎರಡು ಕೈಯಲ್ಲಿ ಹಿಡಿದು ಹುರಿಯ ಎದುರು ದಿಕ್ಕಿಗೆ ತಿರುಗಿಸುತ್ತಾ ಹೋದೆ. ಒಂದು ಹಂತದಲ್ಲಿ ನೂಲು ಪೂರ್ತಿ ಸಡಿಲಾಯಿತು. ನಾರುಗಳು ಅಕ್ಕಪಕ್ಕ ನೇರವಾಗಿ ಮಲಗಿದವು. ಮೆಲ್ಲಗೆ ಎಳೆದರೆ ಸದ್ದಿಲ್ಲದೆ ಎರಡಾಯಿತು. ಓಪನ್ ಎಂಡ್ ನೂಲು ಹೀಗೆ ಮಾಡಲೇ ಇಲ್ಲ. ಒಳಗಿನ ನಾರುಗಳು ಬಿಚ್ಚಿಕೊಂಡವು, ಆದರೆ ಅಲ್ಲಲ್ಲಿ ಒಂದೊಂದು ನಾರು ನೂಲಿನ ಸೊಂಟಕ್ಕೆ ಪಟ್ಟಿ ಬಿಗಿದ ಹಾಗೆ ಸುತ್ತಿಕೊಂಡೇ ಉಳಿಯಿತು. ಇನ್ನೂ ತಿರುಗಿಸಿದರೆ ಕೆಲವು ಪಟ್ಟಿಗಳು ಬಿಚ್ಚುವ ಬದಲು ಮತ್ತೂ ಬಿಗಿಯಾದವು. ಅಂದರೆ ಅವು ಎದುರು ದಿಕ್ಕಿಗೆ ಸುತ್ತಿಕೊಂಡಿದ್ದವು. ಲೇಬಲ್ ಇಲ್ಲದ ಕೋನ್ ಸಿಕ್ಕರೆ ಯಾವ ನೂಲು ಅಂತ ಗುರುತಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಈ ಸುತ್ತು ನಾರುಗಳೇ ಇಡೀ ಕಥೆಯ ಕೀಲಿ. ಅವು ಹುಟ್ಟುವುದು ಹೇಗೆ ಅಂತ ನೋಡಲು ಎರಡೂ ಯಂತ್ರಗಳ ಒಳಗೆ ಹೋಗಬೇಕು.

ರಿಂಗ್ ಫ್ರೇಮಿಗೆ ಬರುವುದು ರೋವಿಂಗ್, ಅಂದರೆ ಸ್ವಲ್ಪವೇ ಹುರಿ ಇರುವ ದಪ್ಪ ಹತ್ತಿಯ ಎಳೆ. ಹಿಂದಿನ ರೋಲರಿಗಿಂತ ಮುಂದಿನ ರೋಲರ್ ಜೋರಾಗಿ ತಿರುಗುತ್ತದೆ, ಹಾಗಾಗಿ ಅದು ಎಳೆದು ಸಪೂರವಾಗುತ್ತದೆ. ಮುಂದಿನ ರೋಲರಿನಿಂದ ಹೊರಬಿದ್ದ ಕೂಡಲೇ ನಾರುಗಳು ಒಂದು ಪುಟ್ಟ ತ್ರಿಕೋನದಲ್ಲಿ ಕೂಡಿಕೊಂಡು ಹುರಿಗೆ ಸಿಗುತ್ತವೆ. ಕೆಳಗೆ ಉಂಗುರದ ಮೇಲೆ ಟ್ರಾವೆಲರ್ ಎಂಬ ಸಣ್ಣ ಕೊಕ್ಕೆ ಓಡುತ್ತಿರುತ್ತದೆ. ಅದು ಒಂದು ಸುತ್ತು ಹಾಕಿದರೆ ನೂಲಿಗೆ ಒಂದು ಹುರಿ. ಮುಖ್ಯವಾದದ್ದು ಏನೆಂದರೆ, ಹುರಿ ಬೀಳುವಾಗ ನಾರುಗಳ ಎರಡೂ ತುದಿ ಹಿಡಿತದಲ್ಲಿರುತ್ತವೆ. ಮೇಲೆ ರೋಲರ್ ಕಚ್ಚಿದೆ, ಕೆಳಗೆ ನೂಲು ಎಳೆಯುತ್ತಿದೆ. ತ್ರಿಕೋನದ ಅಂಚಿನಲ್ಲಿರುವ ನಾರಿಗೆ ಎಳೆತ ಜಾಸ್ತಿ, ನಡುವಿನದಕ್ಕೆ ಕಡಿಮೆ. ಬಿಗಿಯಾದದ್ದು ಒಳಗೆ ನುಗ್ಗುತ್ತದೆ, ಸಡಿಲಾದದ್ದು ಹೊರಗೆ ಬರುತ್ತದೆ, ಮತ್ತೆ ಜಾಗ ಬದಲಾಗುತ್ತದೆ. ಹೀಗೆ ಒಂದೇ ನಾರು ಒಮ್ಮೆ ಹೊರಮೈಯಲ್ಲಿ, ಒಮ್ಮೆ ಒಡಲಿನಲ್ಲಿ ಓಡಾಡುತ್ತಾ ಉಳಿದವನ್ನೆಲ್ಲ ಕಟ್ಟಿಹಾಕುತ್ತದೆ. ನೂಲನ್ನು ಜಗ್ಗಿದಾಗ ಹೊರಗಿನ ನಾರುಗಳು ಒಳಗಿನವನ್ನು ಅಮುಕುತ್ತವೆ, ಹೆಚ್ಚಿನ ನಾರುಗಳು ಭಾರ ಹೊರುತ್ತವೆ.

ರೋಟರಿನಲ್ಲಿ ಇದು ನಡೆಯುವುದಿಲ್ಲ. ಇಲ್ಲಿ ರೋವಿಂಗ್ ಬೇಡ, ನಾರನ್ನು ನೇರಮಾಡುವ ಡ್ರಾ ಫ್ರೇಮಿನ ಸ್ಲೈವರ್, ಅಂದರೆ ಹುರಿಯೇ ಇಲ್ಲದ ದಪ್ಪ ಹತ್ತಿಯ ಎಳೆ, ನೇರವಾಗಿ ಒಳಗೆ ಹೋಗುತ್ತದೆ. ಹಲ್ಲುಗಳಿರುವ ಓಪನಿಂಗ್ ರೋಲರ್ ಅದನ್ನು ಬಿಡಿ ಬಿಡಿ ನಾರುಗಳಾಗಿ ಹಿಂಜುತ್ತದೆ. ಗಾಳಿ ಅವನ್ನು ಕೊಳವೆಯಲ್ಲಿ ಹೊತ್ತು ತಂದು ಗಿರಗಿರ ತಿರುಗುವ ರೋಟರಿನ ಗೋಡೆಗೆ ಎಸೆಯುತ್ತದೆ. ನಾರುಗಳು ಜಾರಿ ಅದರ ಒಳಗಿನ ತೋಡಿನಲ್ಲಿ ಪದರ ಪದರವಾಗಿ ಕೂರುತ್ತವೆ. ಅಲ್ಲಿಗೆ ಬಿಟ್ಟ ನೂಲಿನ ಬಾಲ ರೋಟರಿನ ಜೊತೆ ಸುತ್ತುತ್ತಾ, ಹುರಿ ಪಡೆಯುತ್ತಾ, ತೋಡಿನಿಂದ ಪದರವನ್ನು ಸಿಪ್ಪೆಯಂತೆ ಎಬ್ಬಿಸಿಕೊಂಡು ಹೊರಬರುತ್ತದೆ. ಗಾಳಿಯಲ್ಲಿ ಹಾರಿ ಬಂದ ನಾರಿಗೆ ಯಾರ ಹಿಡಿತವೂ ಇಲ್ಲ. ಎಷ್ಟೋ ನಾರುಗಳು ಕೊಕ್ಕೆಯಂತೆ ಬಾಗಿಯೇ ಕೂತಿರುತ್ತವೆ. 28 ಮಿಲಿಮೀಟರ್ ಉದ್ದದ ನಾರು ಮಡಿಸಿಕೊಂಡರೆ ಅಷ್ಟು ಉದ್ದದ ಕೆಲಸ ಮಾಡಲ್ಲ, ಅಲ್ವಾ? ಜೊತೆಗೆ ನೂಲಿನ ಬಾಲ ಸುತ್ತುವಾಗ ಪ್ರತಿ ಸುತ್ತಿನಲ್ಲೂ ಒಮ್ಮೆ ಕೊಳವೆಯ ಬಾಯಿಯ ಎದುರು ಹಾದುಹೋಗುತ್ತದೆ. ಆ ಗಳಿಗೆಯಲ್ಲಿ ಬಂದು ಬಿದ್ದ ನಾರು ತೋಡಿಗೆ ಹೋಗದೆ, ಆಗಲೇ ಹುರಿ ಬಿದ್ದ ನೂಲಿನ ಮೇಲೆಯೇ ಸುತ್ತಿಕೊಳ್ಳುತ್ತದೆ. ನಾನು ಕಂಡ ಪಟ್ಟಿಗಳು ಇವೇ. ತೂಕದಲ್ಲಿ ಇವುಗಳ ಲೆಕ್ಕ ಇದೆ, ಬಲದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಈ ಕೊರತೆ ತುಂಬಲು ರೋಟರ್ ನೂಲಿಗೆ ಹುರಿ ಜಾಸ್ತಿ ಕೊಡುತ್ತಾರೆ. 20ರ ಕೌಂಟಿಗೆ ರಿಂಗಿನಲ್ಲಿ ಇಂಚಿಗೆ ಸುಮಾರು 18 ಹುರಿ ಸಾಕಾದರೆ, ಇಲ್ಲಿ 21ರ ಆಸುಪಾಸು. ಮುಟ್ಟಿದರೆ ಸ್ವಲ್ಪ ಗಡುಸು ಅನ್ನಿಸುವುದಕ್ಕೆ ಅದೂ ಒಂದು ಕಾರಣ. ಇನ್ನು, ಹುರಿ ಬಿಚ್ಚಿ ಮತ್ತೆ ಸುತ್ತಿ ಎಣಿಸುವ ಮಾಮೂಲಿ ವಿಧಾನ ರೋಟರ್ ನೂಲಿನಲ್ಲಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪಟ್ಟಿಗಳು ಬಿಚ್ಚುವುದಿಲ್ಲವಲ್ಲ, ಅದಕ್ಕೆ.

ಆಮೇಲೆ ಬಲದ ಪರೀಕ್ಷೆ. ಗೂಟಕ್ಕೆ ಅಡ್ಡಲಾಗಿ ಕಟ್ಟಿದ ಪೆನ್ಸಿಲಿಗೆ ನೂಲನ್ನು ನಾಲ್ಕೈದು ಸುತ್ತು ಸುತ್ತಿದೆ. ಗಂಟು ಹಾಕಲಿಲ್ಲ, ಹಾಕಿದರೆ ಗಂಟಿನಲ್ಲೇ ತುಂಡಾಗುತ್ತದೆ. 50 ಸೆಂಟಿಮೀಟರ್ ಕೆಳಗೆ ಖಾಲಿ ಬಾಟಲಿ, ಅದಕ್ಕೆ ನಿಧಾನವಾಗಿ ನೀರು. ನೂಲು ಹರಿದ ಮೇಲೆ ಬಾಟಲಿಯನ್ನು ತೂಗುವುದು. ಒಂದು ಎಚ್ಚರಿಕೆ: ಬಾಟಲಿ ಗಿರಗಿರ ತಿರುಗದಂತೆ ಪಕ್ಕದಲ್ಲಿ ಒಂದು ಕಡ್ಡಿ ತಡೆ ಬೇಕು. ಇಲ್ಲದಿದ್ದರೆ ಭಾರಕ್ಕೆ ಹುರಿ ಬಿಚ್ಚಿ, ಗಟ್ಟಿಯಾದ ರಿಂಗ್ ನೂಲೇ ಮೊದಲು ಸೋಲುತ್ತದೆ.

ರಿಂಗ್ ನೂಲು ಸರಾಸರಿ 430 ಗ್ರಾಂ ಹತ್ತಿರ ತಡೆಯಿತು. ಓಪನ್ ಎಂಡ್ 330ರ ಸುತ್ತಮುತ್ತ. ಅಂದರೆ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆ. ಹತ್ತಿಯಲ್ಲಿ ಇಷ್ಟು ಅಂತರ ಸಹಜವೇ. ಆದರೆ ನನಗೆ ಸರಾಸರಿಗಿಂತ ಚದುರುವಿಕೆ ಮುಖ್ಯ ಅನ್ನಿಸಿತು. ರಿಂಗ್ ನೂಲು ಒಮ್ಮೆ 500 ದಾಟಿತು, ಒಮ್ಮೆ 320ಕ್ಕೇ ಹರಿಯಿತು. ಓಪನ್ ಎಂಡ್ 280ಕ್ಕಿಂತ ಕೆಳಗೆ ಇಳಿಯಲಿಲ್ಲ, 380ರ ಮೇಲೆ ಏರಲೂ ಇಲ್ಲ. ಸರಾಸರಿಯಲ್ಲಿ 100 ಗ್ರಾಂ ಅಂತರ, ಅತಿ ದುರ್ಬಲ ತುಂಡುಗಳಲ್ಲಿ ಬರೀ 40. ಮಗ್ಗದ ಮೇಲೆ ಹಾಸು ಹರಿಯುವುದು ಸರಾಸರಿ ಜಾಗದಲ್ಲಿ ಅಲ್ಲ, ಅತಿ ದುರ್ಬಲ ಜಾಗದಲ್ಲಿ. ಬಲ ಕಡಿಮೆಯಿದ್ದರೂ ರೋಟರ್ ನೂಲು ಹಾಸಿಗೆ ನಡೆಯುವುದು ಇದರಿಂದಲೇ.

ದುರ್ಬಲ ನೂಲು ಹೆಚ್ಚು ಸಮವಾಗಿರುವುದು ವಿಚಿತ್ರ ಅನ್ನಿಸಬಹುದು. ಸಮ ಬರುವುದು ಬೇರೆ ಕಡೆಯಿಂದ. ರಿಂಗಿನಲ್ಲಿ ರೋಲರುಗಳ ನಡುವೆ ಗಿಡ್ಡ ನಾರುಗಳನ್ನು ಎರಡೂ ಕಡೆ ಯಾರೂ ಹಿಡಿದಿರುವುದಿಲ್ಲ. ಅವು ಗುಂಪು ಗುಂಪಾಗಿ ಮುಂದೆ ಓಡುತ್ತವೆ, ಹಿಂದೆ ಸಪೂರ ಜಾಗ ಬಿಡುತ್ತವೆ. ಹಾಗೆ ಆದ ದಪ್ಪ, ಸಪೂರಗಳನ್ನು ಸರಿಮಾಡಲು ಮುಂದೆ ಯಾವ ಹಂತವೂ ಇಲ್ಲ. ರೋಟರಿನಲ್ಲಿ ಆ ಹಂತ ಇದೆ. 36 ಮಿಲಿಮೀಟರ್ ವ್ಯಾಸದ ರೋಟರ್ ಅಂದುಕೊಳ್ಳಿ. ಸುತ್ತಳತೆ ಸುಮಾರು 113 ಮಿಲಿಮೀಟರ್. ಇಂಚಿಗೆ 21 ಹುರಿ ಅಂದರೆ ಒಂದು ಸುತ್ತಿಗೆ ಹೊರಬರುವ ನೂಲು 1.2 ಮಿಲಿಮೀಟರ್. ತೋಡಿನ ಒಂದು ಜಾಗವನ್ನು ನೂಲಿನ ಬಾಲ ಬಂದು ಎಬ್ಬಿಸುವ ಹೊತ್ತಿಗೆ ಆ ಜಾಗದ ಮೇಲೆ 90ಕ್ಕೂ ಹೆಚ್ಚು ತೆಳು ಪದರ ಬಿದ್ದಿರುತ್ತದೆ. ಒಂದು ಪದರ ದಪ್ಪ, ಇನ್ನೊಂದು ಸಪೂರ ಇದ್ದರೂ ಎಲ್ಲ ಸೇರಿ ಸರಿಹೋಗುತ್ತದೆ.

ಇದಕ್ಕೂ ಮಿತಿ ಇದೆ. ಪದರಗಳು ಸರಿಮಾಡುವುದು ಆ 11 ಸೆಂಟಿಮೀಟರಿನೊಳಗಿನ ಏರುಪೇರನ್ನು ಮಾತ್ರ. ಸ್ಲೈವರಿನಿಂದ ನೂಲಿನವರೆಗೆ ಎಳೆತ 140 ಪಟ್ಟು ಅಂದುಕೊಂಡರೆ, ಸ್ಲೈವರಿನ ಒಂದು ಸೆಂಟಿಮೀಟರ್ ದಪ್ಪ ಜಾಗ ನೂಲಿನಲ್ಲಿ 1.4 ಮೀಟರ್ ಆಗುತ್ತದೆ. ಅದನ್ನು ರೋಟರ್ ಮುಟ್ಟುವುದೇ ಇಲ್ಲ. ಸ್ಲೈವರ್ ಕೆಟ್ಟದ್ದಿದ್ದರೆ ನೂಲು ಹತ್ತಿರದಿಂದ ಚೆಂದ, ದೂರದಿಂದ ಪಟ್ಟೆಪಟ್ಟೆ.

ಕಪ್ಪು ರಟ್ಟಿಗೆ ಸಮ ಅಂತರದಲ್ಲಿ ಸುತ್ತಿ ನೋಡಿದಾಗ ಇದೆಲ್ಲ ಕಣ್ಣಿಗೆ ಬಿತ್ತು. ರಿಂಗ್ ನೂಲಿನಲ್ಲಿ ಮೋಡ ಮುಸುಕಿದಂತೆ ಗೊತ್ತುಗುರಿಯಿಲ್ಲದ ದಪ್ಪ, ಸಪೂರ. ಮೈತುಂಬ ರೋಮ ಬೇರೆ. ಓಪನ್ ಎಂಡ್ ನೀಟಾಗಿತ್ತು. ಆದರೆ ಅದರ ಒಂದು ಕೋನ್ ಮಾತ್ರ ಬೇರೆ ಆಟ ಆಡಿತು. ರಟ್ಟಿನ ಮೇಲೆ ಓರೆಯಾದ ಅಲೆಗಳ ವಿನ್ಯಾಸ ಎದ್ದಿತು, ಯಾರೋ ಬೇಕೆಂದೇ ಬಿಡಿಸಿದ ಹಾಗೆ. ಆ ನೂಲನ್ನು ಬಿಚ್ಚಿ ಸ್ಕೇಲಿನ ಪಕ್ಕ ಮಲಗಿಸಿದೆ. ಒಂದು ದಪ್ಪ ಗುರುತು, 11 ಸೆಂಟಿಮೀಟರ್ ಬಿಟ್ಟು ಇನ್ನೊಂದು, ಮತ್ತೆ 11ಕ್ಕೆ ಮತ್ತೊಂದು. 110ನ್ನು 3.14ರಿಂದ ಭಾಗಿಸಿದರೆ 35. ಹುರಿ ಬಿದ್ದಾಗ ನೂಲು ಕೊಂಚ ಕುಗ್ಗುವುದನ್ನು ಸೇರಿಸಿದರೆ 36 ಮಿಲಿಮೀಟರ್ ರೋಟರ್. ತೋಡಿನಲ್ಲಿ ಒಂದು ಕಡೆ ಕಸದ ಚೂರು ಅಂಟಿಕೊಂಡಿದೆ. ನೂಲಿನ ಬಾಲ ಆ ಜಾಗ ದಾಟಿದಾಗಲೆಲ್ಲ ಒಂದು ಗುರುತು ಬೀಳುತ್ತದೆ. ಬೀಜದ ಸಿಪ್ಪೆಯ ಸಣ್ಣ ಚೂರು ಸಾಕು ಇದಕ್ಕೆ. ಮಿಲ್ಲಿನವರು ಇದನ್ನು ಮ್ವಾರೆ ದೋಷ ಅನ್ನುತ್ತಾರೆ. ಈ ನೂಲನ್ನು ಬಣ್ಣದ ಬಟ್ಟೆಗೆ ಹೊಕ್ಕಾಗಿ ಹಾಕಿದರೆ ಬಟ್ಟೆಯ ಮೇಲೂ ಅದೇ ಅಲೆ ಮೂಡುತ್ತದೆ. ಆ ಕೋನ್ ಬದಿಗಿಟ್ಟಿದ್ದೇನೆ, ಕಟ್ಟುವ ದಾರಕ್ಕೆ ಆಗುತ್ತದೆ.

ಸದ್ಯದ ತೀರ್ಮಾನ: 20ರ ಕೌಂಟಿನಲ್ಲಿ ಹಾಸಿಗೆ ರಿಂಗ್, ಹೊಕ್ಕಿಗೆ ಓಪನ್ ಎಂಡ್. ನನ್ನ ಮಗ್ಗದಲ್ಲಿ ಬಾಚಣಿಗೆ ಹಾಸನ್ನು ಉಜ್ಜುವುದು ಜೋರು, ಹಾಗಾಗಿ ಆ ಹೆಚ್ಚುವರಿ 100 ಗ್ರಾಂ ಬೇಕು. ರೋಮ ಏಳದಂತೆ ತೆಳು ಗಂಜಿ ಕೊಡಬೇಕು. ಹೊಕ್ಕಿಗೆ ಎಳೆತ ಕಡಿಮೆ, ಅಲ್ಲಿ ಸಮ ಇದ್ದಷ್ಟೂ ಬಟ್ಟೆಯ ಮೈ ಚೆನ್ನ.

ಮುಂದಿನ ಬಟ್ಟೆ 40ರ ಕೌಂಟಿನದು. ಅದಕ್ಕೂ ಓಪನ್ ಎಂಡ್ ಹೊಕ್ಕು ಆಗಬಹುದಾ ಅಂತ ಲೆಕ್ಕ ಹಾಕಿದೆ. 20ರ ನೂಲು ಕಿಲೋಮೀಟರಿಗೆ 29.5 ಗ್ರಾಂ. ಮಧ್ಯಮ ಹತ್ತಿಯ ನಾರು ಕಿಲೋಮೀಟರಿಗೆ 0.165 ಗ್ರಾಂ ಅಂದರೆ, ನೂಲನ್ನು ಅಡ್ಡ ಕತ್ತರಿಸಿದರೆ ಸುಮಾರು 180 ನಾರು. 40ರಲ್ಲಿ ಅದು 90ಕ್ಕೆ ಇಳಿಯುತ್ತದೆ. ರೋಟರ್ ನಿಲ್ಲದೆ ನೂಲಲು 100 ನಾರಾದರೂ ಬೇಕು ಅನ್ನುವುದು ಸಾಮಾನ್ಯ ಲೆಕ್ಕ, ಯಾಕೆಂದರೆ ಅದರಲ್ಲಿ ಒಂದಷ್ಟು ಸುತ್ತು ನಾರುಗಳಾಗಿ ವ್ಯರ್ಥವಾಗುತ್ತವೆ. ರಿಂಗ್ ಇದಕ್ಕಿಂತ ಎಷ್ಟೋ ಕಡಿಮೆಯಲ್ಲೂ ನಡೆಸುತ್ತದೆ. ಇನ್ನೂ ಸಪೂರ ನಾರಿನ ಹತ್ತಿ ತಂದರೆ 40ರ ರೋಟರ್ ನೂಲು ಬಂದೀತು, ಆದರೆ ಅಷ್ಟು ಒಳ್ಳೆಯ ಹತ್ತಿ ಇದ್ದರೆ ಅದನ್ನು ರೋಟರಿಗೆ ಯಾರು ಹಾಕುತ್ತಾರೆ? 40ಕ್ಕೆ ಹಾಸು, ಹೊಕ್ಕು ಎರಡೂ ರಿಂಗ್, ಅದರಲ್ಲೂ ಗಿಡ್ಡ ನಾರು ತೆಗೆದ ಕೋಂಬ್ಡ್ ನೂಲು. ಅದು ಬಂದ ಮೇಲೆ ಕಪ್ಪು ರಟ್ಟಿಗೆ ಸುತ್ತಿ, ಮೋಡ ಎಷ್ಟು ಕಡಿಮೆಯಾಗಿದೆ ಅಂತ ಈ ಕಾರ್ಡೆಡ್ ನೂಲಿನ ಪಕ್ಕ ಇಟ್ಟು ನೋಡುವುದಿದೆ.