ಗುರುಗ್ರಹದ ಪಟ್ಟೆ ಮತ್ತು ನಮ್ಮನೆ ಅಡಿಕೆ ಅಂಗಳ

“ಒಂದು ಫೋಟೋದಲ್ಲಿ ಕಾಣದ್ದು ಸಾವಿರ ಫೋಟೋ ಸೇರಿಸಿದ್ರೆ ಹೇಗೆ ಕಾಣುತ್ತೆ? ನೀವೇ ತಿದ್ದಿದ್ದು ಅಲ್ವಾ?”

ನಾನು ತೆಗೆದ ಗುರುಗ್ರಹದ ಚಿತ್ರ ನೋಡಿದವರು ಕೇಳುವ ಪ್ರಶ್ನೆ ಇದು. ನಿಜ ಹೇಳಬೇಕೆಂದರೆ, ಸೇರಿಸಿದ ಕೂಡಲೇ ಸಿಗುವ ಚಿತ್ರ ಮಬ್ಬಾಗಿಯೇ ಇರುತ್ತದೆ. ನೋಡಿದವರಿಗೆ ಬೇಜಾರಾಗುತ್ತದೆ. ಆದರೆ ಅದರಲ್ಲಿ ಕಾಳುಕಾಳು ಇರುವುದಿಲ್ಲ, ನಯವಾಗಿರುತ್ತದೆ. ನಮಗೆ ಬೇಕಾದ್ದು ಅದೇ.

2026ರ ಜನವರಿಯಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಗುರುವನ್ನು ತೆಗೆದೆ. ನಡುರಾತ್ರಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇತ್ತು. ಆರು ಇಂಚಿನ ದೂರದರ್ಶಕ, ಎರಡು ನಿಮಿಷದ ವಿಡಿಯೋ, ಸೆಕೆಂಡಿಗೆ ನೂರು ಫ್ರೇಮು. ಒಟ್ಟು 12,000. ಒಂದೊಂದೂ 8 ಮಿಲಿಸೆಕೆಂಡಿನದು. ಗಾಳಿ ಸದಾ ಕುದಿಯುತ್ತಿರುತ್ತದೆ. ಅಷ್ಟು ಚಿಕ್ಕ ಹೊತ್ತಿನಲ್ಲಿ ಹಿಡಿದರೆ ಕೆಲವು ಫ್ರೇಮುಗಳಾದರೂ ಅಲುಗಾಡದೆ ಸಿಗುತ್ತವೆ. ಆದರೆ ಬೆಳಕು ಕಡಿಮೆ, ನಾಯ್ಸ್ ಅಂದರೆ ಆ ಕಾಳುಕಾಳು ಜಾಸ್ತಿ. ಚೆನ್ನಾಗಿರುವ ಒಂದೇ ಫ್ರೇಮನ್ನು ಚೂಪು ಮಾಡಿ ನೋಡಿದೆ. ಪಟ್ಟೆಯ ಜೊತೆ ನಾಯ್ಸೂ ಎದ್ದು, ರವೆ ಚೆಲ್ಲಿದ ಹಾಗಾಯಿತು.

ಆಟೋಸ್ಟ್ಯಾಕರ್ಟ್ ಎಂಬ ತಂತ್ರಾಂಶ ಎಲ್ಲ ಫ್ರೇಮುಗಳನ್ನೂ ಗುಣಮಟ್ಟದ ಪ್ರಕಾರ ಸಾಲಾಗಿ ಜೋಡಿಸುತ್ತದೆ. ಮೇಲಿನ ಶೇ. 10, ಅಂದರೆ 1,200 ಆರಿಸಿಕೊಂಡೆ. ಪಟ್ಟೆ ಎಲ್ಲದರಲ್ಲೂ ಅದೇ ಜಾಗದಲ್ಲಿರುತ್ತದೆ, ನಾಯ್ಸ್ ಪ್ರತಿ ಸಲ ಬೇರೆ ಕಡೆ. ಸರಾಸರಿ ತೆಗೆದಾಗ ನಾಯ್ಸ್ ಫ್ರೇಮುಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಇಳಿಯುತ್ತದೆ. ಇಲ್ಲಿ ಸುಮಾರು 35ರಲ್ಲಿ ಒಂದು ಪಾಲು. ಈಗ ಚೂಪು ಮಾಡಿದರೆ ರವೆ ಏಳುವುದಿಲ್ಲ, ಪಟ್ಟೆಯ ಅಂಚಿನ ಸುರುಳಿಗಳು ಏಳುತ್ತವೆ.

ಹಾಗಾದರೆ 12,000ದಲ್ಲಿ ಅರ್ಧದಷ್ಟು ಫ್ರೇಮು ಹಾಕಬಾರದೇ? ಹಾಕಿ ನೋಡಿದೆ. ನಾಯ್ಸ್ ಇನ್ನೂ ಅರ್ಧಕ್ಕಿಂತ ಕೆಳಗಿಳಿಯಿತು, ಸುರುಳಿಗಳೂ ಕರಗಿಹೋದವು. ಕೆಟ್ಟ ಫ್ರೇಮುಗಳು ಒಳ್ಳೆಯವನ್ನೂ ಕೆಡಿಸುತ್ತವೆ. ವಿಡಿಯೋವನ್ನೂ ಸುಮ್ನೆ ಉದ್ದ ಮಾಡುವಂತಿಲ್ಲ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ನನ್ನ ದೂರದರ್ಶಕಕ್ಕೆ ಮೂರು ನಿಮಿಷ ದಾಟಿದರೆ ಆ ಚಲನೆಯೇ ಚಿತ್ರವನ್ನು ಎಳೆದಂತೆ ಮಾಡುತ್ತದೆ.

ಇನ್ನು ‘ತಿದ್ದಿದ್ದು’ ಎಂಬ ಮಾತು. ಅನುಮಾನ ಸರಿಯೇ. ಚೂಪು ಜಾಸ್ತಿಯಾದರೆ ಗ್ರಹದ ಅಂಚಿನೊಳಗೆ ಇಲ್ಲದ ಉಂಗುರವೊಂದು ಮೂಡುತ್ತದೆ. ಒಮ್ಮೆ ನಾನೂ ಅದನ್ನು ಮೋಡ ಅಂದುಕೊಂಡು ಕುಣಿದಿದ್ದೆ! ಈಗ ಹತ್ತು ನಿಮಿಷ ಬಿಟ್ಟು ಇನ್ನೊಂದು ವಿಡಿಯೋ ತೆಗೆಯುತ್ತೇನೆ. ಗ್ರಹದ ಮೇಲೆ ನಿಜವಾಗಿ ಇರುವ ಕಲೆ ಅಷ್ಟರಲ್ಲಿ ಆರು ಡಿಗ್ರಿ ಸರಿದಿರುತ್ತದೆ. ಉಂಗುರ ಅಂಚಿಗೇ ಅಂಟಿಕೊಂಡಿರುತ್ತದೆ.

ಅಂದಹಾಗೆ, ಮೊದಲ ರಾತ್ರಿಯ ವಿಡಿಯೋ ಪೂರ್ತಿ ದಂಡವಾಗಿತ್ತು. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳದಲ್ಲಿ ಸ್ಟ್ಯಾಂಡ್ ಇಟ್ಟಿದ್ದೆ. ಹಗಲಿಡೀ ಕಾದ ನೆಲ ರಾತ್ರಿ ಬಿಸಿ ಬಿಡುತ್ತಿತ್ತು. ಅವತ್ತಿನ 12,000ದಲ್ಲಿ ಒಂದೂ ಚೆನ್ನಾಗಿರಲಿಲ್ಲ, ಎಷ್ಟು ಸೇರಿಸಿದರೂ ಅಷ್ಟೇ. ಮರುದಿನ ಹಿತ್ತಲಿನ ಹುಲ್ಲಿಗೆ ಹೋದೆ. ಇಬ್ಬನಿಗೆ ಕಾಲು ಒದ್ದೆಯಾಯಿತು, ಗುರು ಮಾತ್ರ ನಿಂತಿತು.