ಪಾಲು ಕೇಳಿದ ರಾಟೆ

ಹಿತ್ತಲ ಬಾವಿಗೆ ಮೋಟಾರು ಕೂರಿಸಿದ ಮೇಲೆ ಅಜ್ಜಿಯ ಕಾಲದ ಕಬ್ಬಿಣದ ರಾಟೆ ಅಟ್ಟ ಸೇರಿತ್ತು. ಕಳೆದ ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿದ್ದ ಅಲ್ಯೂಮಿನಿಯಂ ರಾಟೆಯ ಅಚ್ಚು ಮುರಿದಾಗ ನನಗೆ ಅದು ನೆನಪಾಯಿತು. ಹೊಸದನ್ನು ತರಿಸಲು ಬರೆದ ಪತ್ರ ಮೇಜಿನಿಂದ ಮೇಜಿಗೆ ಸಾಗುತ್ತಿತ್ತು, ಪಾಠ ಮಾತ್ರ ಕಾಯುವಂತಿರಲಿಲ್ಲ. ಅಮ್ಮನನ್ನು ಕೇಳಿದೆ. "ತೆಗೆದುಕೊಂಡು ಹೋಗು, ಆದರೆ ಗುಜರಿಯವನ ಕೈಗೆ ಕೊಟ್ಟುಬಿಡಬೇಡ" ಎಂದು ಎರಡು ಸಲ ಹೇಳಿ ಕೊಟ್ಟಳು. ದಾರಿಯಲ್ಲಿ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. 3 ಕಿಲೋ 200 ಗ್ರಾಂ ಇತ್ತು.

ನಾನು ಪಿಯುಸಿ ಮಕ್ಕಳಿಗೆ ಭೌತವಿಜ್ಞಾನ ಹೇಳುವವನು. ರಾಟೆಯ ಮೇಲೆ ಹಗ್ಗ, ಹಗ್ಗದ ಎರಡು ತುದಿಗೆ ಎರಡು ತೂಕ, ಭಾರವಾದದ್ದು ಎಷ್ಟು ವೇಗೋತ್ಕರ್ಷದಿಂದ ಇಳಿಯುತ್ತದೆ ಎನ್ನುವ ಲೆಕ್ಕವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ತಿಳಿಯದು. ಪ್ರತಿ ಸಲವೂ "ರಾಟೆಗೆ ದ್ರವ್ಯರಾಶಿ ಇಲ್ಲ, ಘರ್ಷಣೆ ಇಲ್ಲ ಎಂದುಕೊಳ್ಳಿ" ಎಂದೇ ಆರಂಭಿಸುತ್ತಿದ್ದೆ. ಆ ದಿನ ಅದೇ ಮಾತನ್ನು ಹೇಳುತ್ತಾ, ಮೂರು ಕಿಲೋಗೂ ಮೀರಿದ ಕಬ್ಬಿಣವನ್ನು ತೊಲೆಯ ಕೊಕ್ಕೆಗೆ ನೇತುಹಾಕುತ್ತಿದ್ದೆ. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಅಟೆಂಡರ್‌ಗೆ ನಗು ಬಂದಿತ್ತು. ನನಗೆ ಏಕೆ ಬರಲಿಲ್ಲವೋ!

ಎರಡು ಬಾಟಲಿಗಳಿಗೆ ಮರಳು ತುಂಬಿ, ಕೊರಳಿಗೆ ಪ್ರಯೋಗಾಲಯದ 50 ಗ್ರಾಂ ಬಿಲ್ಲೆಗಳನ್ನು ಸಿಕ್ಕಿಸಿ, ಎರಡನ್ನೂ ಸರಿಯಾಗಿ 2 ಕಿಲೋ ಮಾಡಿಕೊಂಡೆವು. ತೆಳುವಾದ ನೈಲಾನ್ ಹಗ್ಗ ಬಳಸಿದೆವು. ಒಂದು ಕಡೆಯಿಂದ ನಾಲ್ಕು ಬಿಲ್ಲೆ ತೆಗೆದು ಇನ್ನೊಂದು ಕಡೆಗೆ ಹಾಕಿದಾಗ 2.2 ಕಿಲೋ ಮತ್ತು 1.8 ಕಿಲೋ ಆಯಿತು. ವ್ಯತ್ಯಾಸ 0.4 ಕಿಲೋ, ಒಟ್ಟು 4 ಕಿಲೋ. ಎಂದಿನ ಸೂತ್ರದಂತೆ ವ್ಯತ್ಯಾಸವನ್ನು 9.8ರಿಂದ ಗುಣಿಸಿ ಒಟ್ಟಿನಿಂದ ಭಾಗಿಸಿದರೆ ವೇಗೋತ್ಕರ್ಷ 0.98 ಮೀ/ಸೆ². ಒಂದೂವರೆ ಮೀಟರ್ ಇಳಿಯಲು 1.75 ಸೆಕೆಂಡು ಬೇಕು. ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಸುತ್ತ ಚೌಕ ಹಾಕಿದೆ. ಉತ್ತರ ಮೊದಲೇ ಗೊತ್ತು ಎಂದು ಮಕ್ಕಳ ಮುಂದೆ ಮೆರೆಯುವ ಈ ಚಟ ನನಗೆ ಇನ್ನೂ ಪೂರ್ತಿ ಬಿಟ್ಟಿಲ್ಲ.

ಬಾಟಲಿ ಬಿಟ್ಟೆವು. ಒಬ್ಬ ಹುಡುಗ ಮೊಬೈಲಿನಲ್ಲಿ ಚಿತ್ರೀಕರಿಸಿ, ಒಂದೊಂದೇ ಚಿತ್ರವನ್ನು ಸರಿಸಿ ಎಣಿಸಿದ. 2.7 ಸೆಕೆಂಡು ಬಂದಿತ್ತು.

"ತುಕ್ಕು" ಎಂದೆ. ಅಟೆಂಡರ್ ಸೈಕಲ್ಲಿಗೆ ಬಿಡುವ ಎಣ್ಣೆಯನ್ನು ತಂದು ಅಚ್ಚಿಗೆ ಹನಿಸಿದರು. ಹತ್ತು ನಿಮಿಷ ತಿರುಗಿಸಿ, ಕಪ್ಪು ಎಣ್ಣೆಯನ್ನು ಒರೆಸಿ, ಮತ್ತೆ ಬಿಟ್ಟೆವು. 2.4 ಸೆಕೆಂಡು. ಮತ್ತೆ ಎಣ್ಣೆ. ಈ ಸಲವೂ 2.4. ಐದು ಸಲದ ಸರಾಸರಿ ತೆಗೆದರೆ 2.38. ಬೋರ್ಡಿನ ಚೌಕದಲ್ಲಿದ್ದ 1.75 ನನ್ನನ್ನೇ ನೋಡುತ್ತಿತ್ತು. "ಇನ್ನೂ ಸ್ವಲ್ಪ ಘರ್ಷಣೆ ಉಳಿದಿದೆ" ಎಂದು ಹೇಳಿ ಮುಗಿಸುವವನಿದ್ದೆ. ನಮ್ಮಲ್ಲಿ ಪ್ರಯೋಗ ಹೊಂದದೆ ಹೋದಾಗ ಎಲ್ಲ ಪಾಪವನ್ನೂ ಘರ್ಷಣೆಯ ತಲೆಗೆ ಕಟ್ಟುವುದು ವಾಡಿಕೆ.

ಕಿಟಕಿಯ ಪಕ್ಕದ ಬೆಂಚಿನ ಹುಡುಗಿ ಕೇಳಿದಳು: "ಸರ್, ಘರ್ಷಣೆ ಪೂರ್ತಿ ಇಲ್ಲವಾದರೂ ರಾಟೆ ತಾನಾಗಿ ತಿರುಗುವುದಿಲ್ಲವಲ್ಲ, ಅದನ್ನು ತಿರುಗಿಸುವುದು ಯಾರು?"

ಉತ್ತರ ನನಗೆ ಗೊತ್ತಿತ್ತು. ಎರಡು ಅಧ್ಯಾಯಗಳ ಆಚೆ ಅದನ್ನು ನಾನೇ ಪಾಠ ಮಾಡುತ್ತಿದ್ದೆ. ಆದರೆ ಆ ಅಧ್ಯಾಯ ಈ ಅಧ್ಯಾಯದ ಮನೆಗೆ ಎಂದೂ ಬಂದಿರಲಿಲ್ಲ.

ಹಗ್ಗವೇ ಅದನ್ನು ತಿರುಗಿಸಬೇಕು. ಆದರೆ ಹಗ್ಗ ಎರಡೂ ಕಡೆ ಒಂದೇ ಬಲದಿಂದ ಎಳೆದರೆ ಒಂದು ಕಡೆಯ ತಿರುಚು ಇನ್ನೊಂದನ್ನು ರದ್ದು ಮಾಡುತ್ತದೆ. ನಿಂತ ರಾಟೆ ನಿಂತೇ ಇರುತ್ತದೆ. ಆದ್ದರಿಂದ ಭಾರದ ಕಡೆಯ ಎಳೆತ ಹಗುರದ ಕಡೆಯ ಎಳೆತಕ್ಕಿಂತ ಹೆಚ್ಚಿರಲೇಬೇಕು. ಒಂದೇ ಹಗ್ಗ, ಎರಡು ಎಳೆತ. "ಒಂದು ಹಗ್ಗದಲ್ಲಿ ಎಳೆತ ಎಲ್ಲೆಡೆ ಒಂದೇ" ಎಂದು ನಾನು ಬರೆಸಿದ್ದ ಟಿಪ್ಪಣಿಯನ್ನು ಮಕ್ಕಳು ಅಲ್ಲೇ ಪುಟ ತಿರುವಿ ತೋರಿಸಿದರು. ಆ ಮಾತು ಸುಳ್ಳಲ್ಲ. ಆದರೆ ಅದು ಸಲ್ಲುವುದು ಹಗುರವಾದ, ನಯವಾದ ರಾಟೆಗೆ ಮಾತ್ರ. ಆ ಷರತ್ತನ್ನು ನಾನು ಬಾಯಲ್ಲಿ ಹೇಳಿದ್ದೆ, ಬರೆಸಿರಲಿಲ್ಲ.

ಬೋರ್ಡು ಒರೆಸಿ ಹೊಸದಾಗಿ ಬರೆದೆವು. ಇಳಿಯುವ ಬಾಟಲಿಗೆ ಒಂದು ಸಮೀಕರಣ, ಏರುವುದಕ್ಕೆ ಒಂದು, ರಾಟೆಗೆ ಅದರದೇ ಒಂದು:

```
m1·g − T1 = m1·a
T2 − m2·g = m2·a
(T1 − T2)·R = I·α
```

ಇಲ್ಲಿ m1, m2 ಎಂದರೆ ಇಳಿಯುವ ಮತ್ತು ಏರುವ ಬಾಟಲಿಗಳ ದ್ರವ್ಯರಾಶಿ, T1, T2 ಎಂದರೆ ಆ ಎರಡು ಕಡೆಯ ಎಳೆತ, g ಎಂದರೆ ಆ 9.8, a ಎಂದರೆ ಬಾಟಲಿಗಳ ವೇಗೋತ್ಕರ್ಷ, α ಎಂದರೆ ರಾಟೆ ತಿರುಗುವುದರ ವೇಗೋತ್ಕರ್ಷ, I ಎಂದರೆ ರಾಟೆಯ ತಿರುಗುವ ಜಡತ್ವ, R ಎಂದರೆ ಅಚ್ಚಿನ ನಡುವಿನಿಂದ ಹಗ್ಗ ಕೂರುವ ಕಾಲುವೆಯವರೆಗಿನ ದೂರ. ಹಗ್ಗ ಜಾರದೆ ರಾಟೆಯನ್ನು ಹಿಡಿದೇ ಸಾಗಿದರೆ a = α·R. ಮೂರನೆಯ ಸಾಲನ್ನು Rನಿಂದ ಭಾಗಿಸಿ ಮೂರನ್ನೂ ಕೂಡಿದರೆ ಎರಡು ಎಳೆತಗಳೂ ಬಿದ್ದುಹೋಗಿ ಇದು ಉಳಿಯುತ್ತದೆ:

```
a = (m1 − m2)·g / (m1 + m2 + I/R²)
```

ಮೇಲಿನ ಸಾಲು ಹಳೆಯದೇ, ಕೆಳಗೆ ಮಾತ್ರ I/R² ಎಂಬ ಹೊಸ ನೆಂಟ ಬಂದು ಕುಳಿತಿದ್ದಾನೆ. ಎಳೆಯುವ ಕೆಲಸಕ್ಕೆ ಅವನಿಲ್ಲ, ಏಕೆಂದರೆ ರಾಟೆಯ ಭಾರವನ್ನು ತೊಲೆ ಹೊತ್ತಿದೆ. ಎಳೆಸಿಕೊಳ್ಳುವಾಗ ಮಾತ್ರ ತನ್ನ ಪಾಲು ಕೇಳುತ್ತಾನೆ.

ಆ ಪಾಲು ಎಷ್ಟು? ಒಬ್ಬ ಹುಡುಗ ತಕ್ಷಣ 3.2 ಕಿಲೋವನ್ನು ಪೂರ್ತಿ ಕೂಡಿಬಿಟ್ಟ. ಹಾಗೆ ಕೂಡಬೇಕಾದರೆ ರಾಟೆಯ ಕಬ್ಬಿಣವೆಲ್ಲ ಹಗ್ಗದ ವೇಗದಲ್ಲೇ ಓಡಬೇಕು. ಅಂಚಿನ ಕಬ್ಬಿಣ ಹಾಗೆ ಓಡುತ್ತದೆ. ಅರ್ಧ ದಾರಿಯಲ್ಲಿರುವ ಕಬ್ಬಿಣದ ವೇಗ ಅರ್ಧ, ಲೆಕ್ಕಕ್ಕೆ ಬರುವುದು ಅದರ ಕಾಲು ಭಾಗ ಮಾತ್ರ. ಅಚ್ಚಿನ ಬುಡದ್ದು ಸುಮ್ಮನೆ ಮೈ ಹೊರಳಿಸುತ್ತದೆ. ಎಲ್ಲವೂ ಅಂಚಿನಲ್ಲೇ ಇರುವ ಬಳೆಯಾದರೆ ಪೂರ್ತಿ ದ್ರವ್ಯರಾಶಿ ಲೆಕ್ಕಕ್ಕೆ ಬರುತ್ತದೆ, ಒಂದೇ ದಪ್ಪದ ಗಟ್ಟಿ ತಟ್ಟೆಯಾದರೆ ಸರಿಯಾಗಿ ಅರ್ಧ. ಪುಸ್ತಕದ ಲೆಕ್ಕಗಳಲ್ಲಿ ರಾಟೆ ಯಾವಾಗಲೂ ತಟ್ಟೆಯೇ. ಅದರಂತೆ 1.6 ಕೂಡಿದೆವು. ವೇಗೋತ್ಕರ್ಷ 0.70, ಸಮಯ 2.07 ಸೆಕೆಂಡು. 2.38ಕ್ಕೆ ಹತ್ತಿರ ಬಂದೆವು, ಮುಟ್ಟಲಿಲ್ಲ.

ಈಗ ನಿಜವಾದ ತೊಡಕು ಎದುರಾಯಿತು. ಉಳಿದ ಅಂತರ ಘರ್ಷಣೆಯದೋ, ನಮ್ಮ ರಾಟೆ ತಟ್ಟೆಯಲ್ಲ ಎನ್ನುವುದರದೋ? ಎರಡೂ ವೇಗವನ್ನು ತಗ್ಗಿಸುತ್ತವೆ. ಒಂದೇ ಅಳತೆಯಿಂದ ಇವನ್ನು ಬೇರೆ ಮಾಡಲಾಗದು. ಆದರೆ ಇವು ವೇಗ ತಗ್ಗಿಸುವ ಬಗೆ ಬೇರೆ. ಘರ್ಷಣೆ ಮೇಲಿನ ಸಾಲಿನಿಂದ ಒಂದು ನಿಗದಿತ ಮೊತ್ತವನ್ನು ಕಿತ್ತುಕೊಳ್ಳುತ್ತದೆ. ಜಡತ್ವ ಕೆಳಗಿನ ಸಾಲನ್ನು ಹಿಗ್ಗಿಸುತ್ತದೆ. ಆದ್ದರಿಂದ ಒಟ್ಟು ಭಾರವನ್ನು 4 ಕಿಲೋದಲ್ಲೇ ಉಳಿಸಿಕೊಂಡು ವ್ಯತ್ಯಾಸವನ್ನು ಮಾತ್ರ ಬದಲಿಸಿದರೆ ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ. ಹೊಸ ಬಿಲ್ಲೆ ಸೇರಿಸಬಾರದು, ಇರುವ ಬಿಲ್ಲೆಯನ್ನೇ ಈ ಕಡೆಯಿಂದ ಆ ಕಡೆಗೆ ದಾಟಿಸಬೇಕು. ಆಗ ಅಚ್ಚಿನ ಮೇಲಿನ ಭಾರವೂ ಹೆಚ್ಚುಕಡಿಮೆ ಅಷ್ಟೇ ಉಳಿದು, ಘರ್ಷಣೆ ಬದಲಾಗುವುದಿಲ್ಲ.

ಎರಡು ಬಿಲ್ಲೆ ದಾಟಿಸಿದರೆ ವ್ಯತ್ಯಾಸ 0.2 ಕಿಲೋ. ಆಗ ಬಂದ ಸಮಯ 3.71 ಸೆಕೆಂಡು, ಅಂದರೆ ವೇಗೋತ್ಕರ್ಷ 0.218. ನಾಲ್ಕು ದಾಟಿಸಿದ್ದು ಮೊದಲೇ ಆಗಿತ್ತು, 0.53. ಆರು ದಾಟಿಸಿದಾಗ 1.89 ಸೆಕೆಂಡು, 0.84. ಗ್ರಾಫ್ ಹಾಳೆಯ ಮೇಲೆ ಮೂರು ಚುಕ್ಕೆಗಳೂ ಒಂದೇ ಗೆರೆಯಲ್ಲಿ ಬಿದ್ದವು. ಆ ಗೆರೆ ಮೂಲಬಿಂದುವಿಗೆ ಮಾತ್ರ ಹೋಗಲಿಲ್ಲ. ಅಡ್ಡಗೆರೆಯನ್ನು 60 ಗ್ರಾಂ ಹತ್ತಿರ ಮುಟ್ಟಿತು. ಆ 60 ಗ್ರಾಂ ಘರ್ಷಣೆಯ ಪಾಲು. ಗೆರೆಯ ಇಳಿಜಾರು ನೋಡಿದೆವು: 0.4 ಕಿಲೋ ವ್ಯತ್ಯಾಸಕ್ಕೆ ವೇಗೋತ್ಕರ್ಷ 0.622 ಏರಿದೆ. 9.8ನ್ನು ಆ ಇಳಿಜಾರಿನಿಂದ ಭಾಗಿಸಿದರೆ 6.3 ಕಿಲೋ. ಬಾಟಲಿಗಳ 4 ಕಿಲೋ ಕಳೆದರೆ ಉಳಿದ 2.3 ರಾಟೆಯದು.

3.2ರಲ್ಲಿ 2.3 ಎಂದರೆ ಸುಮಾರು ಶೇಕಡ 72. ತಟ್ಟೆಗಿಂತ ಹೆಚ್ಚು, ಬಳೆಗಿಂತ ಕಡಿಮೆ. ತಲೆ ಎತ್ತಿ ನೋಡಿದರೆ ಉತ್ತರ ತೊಲೆಯಲ್ಲೇ ನೇತಾಡುತ್ತಿತ್ತು: ದಪ್ಪ ಅಂಚು, ನಡುವೆ ಸಣಕಲು ಅರಗಳು. ಅದು ಮೊದಲಿನಿಂದಲೂ ತಟ್ಟೆಯಾಗಿರಲಿಲ್ಲ.

ಹುಡುಗಿಗೆ ಇನ್ನೂ ನಂಬಿಕೆ ಬರಲಿಲ್ಲ. ಅವಳ ಹಟ ನನಗೆ ಹಿಡಿಸಿತು. 60 ಗ್ರಾಂ ಘರ್ಷಣೆಯದೇ ಎಂದು ನೇರವಾಗಿ ತೋರಿಸಿ ಎಂದಳು. ಬಾಟಲಿಗಳನ್ನು ಸಮ ಮಾಡಿ, ಒಂದು ಕಡೆಯಿಂದ 30 ಗ್ರಾಂ ಮರಳು ತೆಗೆದು ಇನ್ನೊಂದಕ್ಕೆ ಸುರಿದು, ಭಾರದ ಕಡೆಗೆ ಬೆರಳಿನಿಂದ ಮೆಲ್ಲಗೆ ತಳ್ಳಿದೆವು. ಬಾಟಲಿ ಅದೇ ನಿಧಾನದಲ್ಲಿ, ವೇಗ ಏರಿಸದೆ ಇಳಿಸದೆ, ನೆಲದವರೆಗೆ ಹೋಯಿತು. ಸ್ವಲ್ಪ ಮರಳನ್ನು ಹಿಂದಕ್ಕೆ ಹಾಕಿ ತಳ್ಳಿದರೆ ಅರ್ಧಕ್ಕೇ ನಿಂತಿತು.

ಹಗ್ಗ ಜಾರಿರಬಹುದು ಎಂಬ ಅನುಮಾನವೂ ಇತ್ತು. ಜಾರಿದರೆ a = α·R ಎನ್ನುವ ಸಾಲೇ ಸುಳ್ಳಾಗಿ, ಕೆಳಗಿನದೆಲ್ಲ ಕುಸಿಯುತ್ತದೆ. ರಾಟೆಯ ಅಂಚಿಗೂ ಹಗ್ಗಕ್ಕೂ ಸೀಮೆಸುಣ್ಣದ ಗುರುತು ಹಾಕಿದೆವು. ಕಾಲುವೆಯ ತ್ರಿಜ್ಯ 9 ಸೆಂಟಿಮೀಟರ್, ಆದ್ದರಿಂದ ಒಂದೂವರೆ ಮೀಟರ್ ಇಳಿಯುವಷ್ಟರಲ್ಲಿ ರಾಟೆ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು, 2.65 ಸುತ್ತು ತಿರುಗಬೇಕು. ಮೊಬೈಲಿನ ಚಿತ್ರದಲ್ಲಿ ಗುರುತು ಅಲ್ಲಿಗೇ ಬಂದು ನಿಂತಿತ್ತು. ಎಣ್ಣೆ ಹಗ್ಗಕ್ಕೆ ತಾಗದಂತೆ ಅಟೆಂಡರ್ ಒರೆಸಿದ್ದು ಇಲ್ಲಿ ಕೈ ಹಿಡಿಯಿತು.

ಕೊನೆಗೆ ಎಳೆತಗಳ ಲೆಕ್ಕ. 0.4 ಕಿಲೋ ವ್ಯತ್ಯಾಸದ ಓಟದಲ್ಲಿ ಭಾರದ ಕಡೆ 20.4 ನ್ಯೂಟನ್, ಹಗುರದ ಕಡೆ 18.6. ನಡುವಿನ 1.8 ನ್ಯೂಟನ್‌ನಲ್ಲಿ ಸುಮಾರು 0.6 ಘರ್ಷಣೆಗೆ ಹೋಯಿತು, ಉಳಿದ 1.2 ರಾಟೆಯನ್ನು ತಿರುಗಿಸಿತು. ನಾನು ಎಲ್ಲವನ್ನೂ ಹೊರಿಸಹೊರಟಿದ್ದ ಘರ್ಷಣೆ ಮೂರರಲ್ಲಿ ಒಂದು ಪಾಲಿನ ತಪ್ಪುಗಾರ ಅಷ್ಟೇ. ಈ ಯಂತ್ರವನ್ನು 1784ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದ ಕೇಂಬ್ರಿಜ್‌ನ ಜಾರ್ಜ್ ಆಟ್‌ವುಡ್, ರಾಟೆಯ ಅಚ್ಚನ್ನು ಬೇರೆ ಚಿಕ್ಕ ಗಾಲಿಗಳ ಮೇಲೆ ಕೂರಿಸಿ ಘರ್ಷಣೆಯನ್ನು ಅಡಗಿಸಿದ್ದ. ಆದರೆ ಜಡತ್ವಕ್ಕೆ ಎಣ್ಣೆ ಹಾಕಲು ಬರುವುದಿಲ್ಲ, ಅದನ್ನು ಲೆಕ್ಕದಲ್ಲೇ ಹೊರಬೇಕು.

ಸಂಜೆ ರಾಟೆಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಕುಳಿತಾಗ ಹಳೆಯದೊಂದು ನೆನಪಾಯಿತು. ಚಿಕ್ಕವನಿದ್ದಾಗ ಖಾಲಿ ಬಿಂದಿಗೆಯನ್ನು ಬಾವಿಗೆ ಜೋರಾಗಿ ಬಿಡುತ್ತಿದ್ದೆ. ಬಿಂದಿಗೆ ನೀರು ಮುಟ್ಟಿ ನಿಂತ ಮೇಲೂ ರಾಟೆ ಗಡಗಡ ತಿರುಗುತ್ತಲೇ ಇರುತ್ತಿತ್ತು. ಸಡಿಲಾದ ಹಗ್ಗ ಕಾಲುವೆಯಿಂದ ಹಾರಿ ಪಕ್ಕದ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಅಜ್ಜಿ ಬೈದುಕೊಂಡೇ ಬಂದು, ಹಗ್ಗವನ್ನು ಬಿಡಿಸಿ, ಬಿಂದಿಗೆ ಇಳಿಯುವಾಗ ಅಂಗೈಯನ್ನು ರಾಟೆಯ ಅಂಚಿಗೆ ಒತ್ತಿ ಹಿಡಿಯುತ್ತಿದ್ದಳು. ಅರಗಳಿಗೆ ಕೈ ಹಾಕಿದ್ದನ್ನು ನಾನು ಎಂದೂ ಕಾಣೆ.

ಮನೆಗೆ ಬಂದಾಗ ಅಮ್ಮ ಚೀಲ ತೆರೆದು ನೋಡಿ, "ಇದಕ್ಕೆ ಎಣ್ಣೆ ಹಾಕಿದವರು ಯಾರು? ಇಷ್ಟು ಚೆನ್ನಾಗಿ ತಿರುಗುತ್ತಿದೆ" ಎಂದಳು.