ತಾಂಬೂಲ ಬದಲಾದ ಮೇಲೆ

ಅಕ್ಕನ ಮಗಳ ನಿಶ್ಚಿತಾರ್ಥ ಹಾಸನದ ಒಂದು ಸಣ್ಣ ಛತ್ರದಲ್ಲಿ ನಡೆಯಿತು. ಹುಡುಗನ ಕಡೆಯವರು ತುಮಕೂರಿನಿಂದ ತಿಂಡಿ ಹೊತ್ತಿಗೇ ಬಂದಿಳಿದರು. ನಮ್ಮವರೊಬ್ಬರು ಕಾಫಿ ಲೋಟ ಹಿಡಿದುಕೊಂಡೇ ಹುಡುಗನ ತಾಯಿಯ ಹತ್ತಿರ ಹೋಗಿ "ಕಂಗ್ರಾಟ್ಸ್ ಬೀಗರೇ" ಅಂದುಬಿಟ್ಟರು. ಪಕ್ಕದಲ್ಲಿದ್ದ ಅಮ್ಮ ನನ್ನ ಮೊಣಕೈ ತಿವಿದಳು. ಲಗ್ನಪತ್ರಿಕೆ ಓದಿ ತಾಂಬೂಲ ಬದಲಾಗುವ ತನಕ ಅವರು ನೆಂಟರೇ ಹೊರತು ಬೀಗರಲ್ಲ ಅನ್ನೋದು ಅಮ್ಮನ ಲೆಕ್ಕ. ಅಲ್ಲಿಯವರೆಗೆ "ದಾರೀಲಿ ತೊಂದರೆ ಆಗಲಿಲ್ಲ ತಾನೆ, ತಿಂಡಿ ಆಯ್ತಾ" ಅಂತ ಕೇಳಿದರೆ ಸಾಕು.

ಹುಡುಗನಿಗೆ ತಂದೆ ಇಲ್ಲ. ತಾಯಿ ಶಾಲೆಯಲ್ಲಿ ಪಾಠ ಮಾಡಿಕೊಂಡು ಒಬ್ಬರೇ ಸಾಕಿದವರು. ಪುರೋಹಿತರು ಎರಡೂ ಮನೆಯ ಹಿರಿಯರ ಹೆಸರು, ಮುಹೂರ್ತದ ದಿನ ಎಲ್ಲಾ ಓದಿ ಮುಗಿಸಿದರು. ತಟ್ಟೆ ಹಿಡಿದು ತಾಂಬೂಲ ಬದಲಾಯಿಸಲು ಅವರ ಕಡೆಯಿಂದ ಕೂತದ್ದು ಹುಡುಗನ ದೊಡ್ಡಪ್ಪ, ದೊಡ್ಡಮ್ಮ. ಶಾಸ್ತ್ರಕ್ಕೆ ದಂಪತಿ ಬೇಕಂತೆ. ತಾಯಿ ಎರಡನೇ ಸಾಲಿನ ಕುರ್ಚಿಯಲ್ಲಿದ್ದರು. ಶಾಸ್ತ್ರ ಮುಗಿದ ಕೂಡಲೇ ಎಲ್ಲರೂ ಕೈ ಹಿಡಿದು ಸಂತೋಷ ಹೇಳಿದ್ದು ಮುಂದೆ ಕೂತ ಆ ದೊಡ್ಡಪ್ಪನಿಗೆ. ಪಾಪ, ಅವರಿಗೇ ಮುಜುಗರ. ಪ್ರತಿಯೊಬ್ಬರಿಗೂ "ನನ್ನದೇನಿಲ್ಲ, ನಮ್ಮ ನಾದಿನಿ ಅಲ್ಲಿದ್ದಾರೆ ನೋಡಿ" ಅಂತ ಹಿಂದಕ್ಕೆ ತೋರಿಸುತ್ತಿದ್ದರು. ಹೋದವರಲ್ಲೂ ಕೆಲವರು "ಯಜಮಾನರು ಇದ್ದಿದ್ರೆ ಎಷ್ಟು ಖುಷಿಪಡೋರು" ಅಂತ ಶುರುಮಾಡಿದರು. ಆ ಮನುಷ್ಯನನ್ನು ಕಂಡವರು ಹೇಳಿದರೆ ಆ ಮಾತಿಗೆ ಒಂದು ಅರ್ಥ. ನಮ್ಮ ಕಡೆಯವರು ಯಾರೂ ಅವರನ್ನು ನೋಡಿಯೇ ಇರಲಿಲ್ಲ. ಅಂಥವರು ಹೇಳಿದರೆ ಮಗನ ಶುಭಕಾರ್ಯದ ದಿನ ಆ ತಾಯಿ ನಮಗೋಸ್ಕರ ಕಣ್ಣೊರೆಸಿಕೊಳ್ಳಬೇಕಾಗುತ್ತದೆ.

ನಾನು ಹೋಗಿ ಕೂತು ಹೇಳಿದ್ದು ಇಷ್ಟು: "ಹುಡುಗಿ ನೋಡೋಕೆ ಬಂದ ದಿನ ನಿಮ್ಮ ಮಗ ಉಂಡ ಎಲೆ ತಾವೇ ತೆಗೆಯೋಕೆ ಹೋದ್ರು. ನಮ್ಮನೇಲಿ ಇವತ್ತಿಗೂ ಅದೇ ಮಾತು. ಚೆನ್ನಾಗಿ ಬೆಳೆಸಿದ್ದೀರಿ, ನಮಗೆ ತುಂಬಾ ಸಂತೋಷ." ಅವರು ನಕ್ಕುಬಿಟ್ಟರು. "ಮನೇಲಿ ನನ್ನ ತಟ್ಟೇನೂ ಅವನೇ ತೊಳೀತಾನೆ. ಇನ್ಮೇಲೆ ಆ ಭಾಗ್ಯ ಹೋಯ್ತು" ಅಂದರು. ಆಮೇಲೆ ಮಾತು ತಾನಾಗಿ ಹರಿಯಿತು.

ಹುಡುಗ ಹುಡುಗಿ ಕಾಲಿಗೆ ಬಿದ್ದಾಗ ಹಿರಿಯರ ಬಾಯಲ್ಲಿ ರೂಢಿಯ ಮಾತು "ದೀರ್ಘಸುಮಂಗಲಿ ಭವ". ಅಮ್ಮ ಎಲ್ಲರಿಗೂ ಹೇಳೋದು ಅದನ್ನೇ. ಅವತ್ತು ಮಾತ್ರ ಅಕ್ಷತೆ ಹಾಕಿ "ಇಬ್ಬರೂ ನೂರು ಕಾಲ ಒಟ್ಟಿಗೆ ಬಾಳಿ ಮಕ್ಕಳೇ" ಅಂದಳು. ಹುಡುಗನ ತಾಯಿ ಒಂದು ಮಾರು ದೂರದಲ್ಲಿ ನಿಂತಿದ್ದರು. ಅಮ್ಮ ಅದನ್ನು ನೋಡಿಕೊಂಡೇ ಮಾತು ಬದಲಾಯಿಸಿದ್ದು ಅಂತ ನನ್ನ ಗುಮಾನಿ. ಕೇಳಿದರೆ ಒಪ್ಪಿಕೊಳ್ಳುವವಳಲ್ಲ.

ಹುಡುಗನಿಗೆ ಹೆಚ್ಚೇನೂ ಹೇಳಬೇಕಾಗಿರಲಿಲ್ಲ. ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನಾದರೂ ಮನೆಗೆ ಅಳಿಯನಾಗುವವರು, ಹಾಗಾಗಿ 'ನೀವು' ಅಂತಲೇ ಮಾತಾಡಿಸಿ, ಒಳ್ಳೇದಾಗಲಿ ಅಂದೆ. ನಮ್ಮ ಹುಡುಗಿಗೆ ಮಾತ್ರ ಬಂದವರೆಲ್ಲ "ಪುಣ್ಯ ಮಾಡಿದ್ದೆ ಕಣೇ, ಎಂಥಾ ಹುಡುಗ ಸಿಕ್ಕಿದಾನೆ" ಅನ್ನುತ್ತಿದ್ದರು. ಲಾಟರಿ ಹೊಡೆದವರಿಗೆ ಹೇಳುವ ಹಾಗೆ! ಎರಡು ಸಂಬಂಧ ಬೇಡ ಅಂತ ಧೈರ್ಯವಾಗಿ ಹೇಳಿ, ಮೂರನೆಯದಕ್ಕೆ ಅವಳೇ ಯೋಚಿಸಿ ಒಪ್ಪಿದ್ದು ನನಗೆ ಗೊತ್ತು. "ಚೆನ್ನಾಗಿ ಆರಿಸಿದ್ದೀಯ" ಅಂದೆ. "ಹಾಗಂದವರು ನೀವೊಬ್ರೇ ಚಿಕ್ಕಮ್ಮ" ಅಂದಳು.

ಭಾವ ಊಟದ ಸಾಲಿನಲ್ಲಿ ಬಡಿಸುವವರ ಹಿಂದೆಯೇ ಓಡಾಡುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಒಂದೇ ಮಾತು, "ಅಂತೂ ಭಾರ ಇಳೀತು." ಮದುವೆಗೆ ಇನ್ನೂ ನಾಲ್ಕು ತಿಂಗಳಿತ್ತು, ಛತ್ರಕ್ಕೆ ಮುಂಗಡ ಕೂಡ ಕೊಟ್ಟಿರಲಿಲ್ಲ. ಭಾರ ಏರಿದ್ದೇ ಅವತ್ತು! ಅಲ್ಲದೆ ಪಕ್ಕದಲ್ಲೇ ಮಗಳು ನಿಂತಿರುವಾಗ ಆಡುವ ಮಾತೇ ಅದು? ಆ ಹೊತ್ತಿಗೆ ಅವರ ತಲೆಯಲ್ಲಿದ್ದದ್ದು ಬೀಗರಿಗೆ ಏನೂ ಕೊರತೆ ಆಗಬಾರದು ಅನ್ನೋದೊಂದೇ. "ಭಾವ, ಅವರ ದೊಡ್ಡಪ್ಪ ಹೋಳಿಗೆ ಎರಡನೇ ಸಲ ಕೇಳಿ ಹಾಕಿಸ್ಕೊಂಡ್ರು. ಎಲ್ಲಾ ಅಚ್ಚುಕಟ್ಟಾಗಿ ಆಯ್ತು, ನೀವೂ ಕೂತ್ಕೊಳ್ಳಿ" ಅಂದೆ. ಕೂತರು. ಅಕ್ಕನಿಗೆ ಅವತ್ತು ಏನೂ ಹೇಳಲಿಲ್ಲ, ಅವಳ ಸೆರಗಿನ ಪಿನ್ ಸರಿಮಾಡಿ ಎಲೆ ಮುಂದೆ ಕೂರಿಸಿದೆ.

ಸಂಜೆಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿನ ತುಂಬ "ಹಾರ್ದಿಕ ಶುಭಾಶಯಗಳು", ಜೊತೆಗೆ ಹೂಗುಚ್ಛದ ಚಿತ್ರಗಳು. ಆ ಗುಂಪಿನಲ್ಲಿ ಹುಡುಗನ ತಾಯಿ ಇರಲಿಲ್ಲ. ಅಕ್ಕನ ಹತ್ತಿರ ನಂಬರ್ ಇಸ್ಕೊಂಡು ಅವರಿಗೆ ಫೋನ್ ಮಾಡಿದೆ. ಈ ಸಲ "ಬೀಗರೇ, ಊರು ತಲುಪಿದ್ರಾ?" ಅಂತಲೇ ಶುರುಮಾಡಿದೆ.